ಡಬ್ಬಿಯ ತಳದ ಚೀಟಿ: ಗೋಕರ್ಣ ದಾರಿಯ ಒಂದು ಹೋಮ್‌ಸ್ಟೇಯ ವೈಫೈ ಪ್ರಕರಣ

ಕುಮಟಾ ತಾಲ್ಲೂಕಿನಲ್ಲಿ, ಗೋಕರ್ಣಕ್ಕೆ ಹೋಗುವ ದಾರಿಯ ಪಕ್ಕ ಒಂದು ಹಳೆಯ ಹೆಂಚಿನ ಮನೆಯಿದೆ. ಅಲ್ಲಿಂದ ಕಡಲಿಗೆ ನಡೆದೇ ಹೋಗಬಹುದು. ಗಂಡ ಹೆಂಡತಿ ಇಬ್ಬರೇ ಸೇರಿ ನಾಲ್ಕು ಕೋಣೆಗಳನ್ನು ಹೋಮ್‌ಸ್ಟೇ ಮಾಡಿಕೊಂಡಿದ್ದಾರೆ. ಮಗಳು ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದಾಳೆ. ಗುರುತು ಹತ್ತಬಾರದೆಂದು ಮನೆಯ ಕೆಲವು ವಿವರಗಳನ್ನೂ ಚೀಟಿಯ ಮೇಲಿನ ಸಂಖ್ಯೆಗಳನ್ನೂ ಇಲ್ಲಿ ಬದಲಿಸಲಾಗಿದೆ. ನಡೆದದ್ದನ್ನು ಬದಲಿಸಿಲ್ಲ.

ಹಿನ್ನೆಲೆ

ಮನೆಗೆ ಊರಿನ ಕೇಬಲ್ ಆಪರೇಟರರಿಂದ ಫೈಬರ್ ಸಂಪರ್ಕ ಬಂದು ಕೆಲವು ವರ್ಷಗಳಾಗಿದ್ದವು. ಮಳೆಗಾಲಕ್ಕೆ ಮುಂಚಿನ ಗುಡುಗು ಸಿಡಿಲಿನಲ್ಲಿ ಒಂದು ಸಂಜೆ ವೈಫೈ ಡಬ್ಬಿ ಸುಟ್ಟುಹೋಯಿತು. ಕರಾವಳಿಯಲ್ಲಿ ಇದು ಹೊಸದಲ್ಲ. ಫೈಬರ್ ಗಾಜಿನ ಎಳೆಯಾದ್ದರಿಂದ ಅದರಲ್ಲಿ ಕರೆಂಟ್ ಹರಿಯುವುದಿಲ್ಲ, ಆದರೆ ಅಡಾಪ್ಟರಿನ ತಂತಿಯ ದಾರಿ ತೆರೆದೇ ಇರುತ್ತದೆ. ಎರಡು ದಿನ ಬಿಟ್ಟು ಲೈನ್‌ಮನ್ ಬಂದು ಬೇರೊಂದು ಡಬ್ಬಿ ಕೂರಿಸಿದ. ಪಾಸ್‌ವರ್ಡ್ ಕೇಳಿದ್ದಕ್ಕೆ, "ತಳದಲ್ಲಿ ಚೀಟಿ ಉಂಟಲ್ಲ ಅಣ್ಣಾ, ಅದ್ರಲ್ಲೇ ಬರೆದಿದೆ," ಎಂದು ಹೇಳಿ ಹೋದ. ಆ ಡಬ್ಬಿ ಹೊಸದಲ್ಲ, ಬೇರೊಂದು ಕಡೆಯಿಂದ ಬಿಚ್ಚಿ ತಂದದ್ದು ಎಂಬ ಮಾತು ಆಗ ಬರಲಿಲ್ಲ. ಯಾರೂ ಕೇಳಲೂ ಇಲ್ಲ.

ಚೀಟಿಯನ್ನು ಓದುವುದೇ ಮೊದಲ ತೊಡಕು

ಡಬ್ಬಿ ಮಗುಚಿದರೆ ಬೆರಳಗಲದ ಚೀಟಿ. ಅದರಲ್ಲಿದ್ದ, ನಮಗೆ ಬೇಕಾದ ಸಾಲುಗಳು ಇಷ್ಟು:

```
MAC: 02:00:5E:08:B1:D0
SSID: Home_B1D0
WLAN Key: 5E08B1D0
IP: 192.168.1.1
User: admin   Password: admin
```

ಇದರಲ್ಲಿ ಪಾಸ್‌ವರ್ಡ್ ಎಂದು ಹೆಸರಿರುವುದು ಕೊನೆಯ ಸಾಲಿನಲ್ಲಿ. ಯಜಮಾನರು ಅದನ್ನೇ ಫೋನಿಗೆ ಹಾಕಿದರು, ಹತ್ತಲಿಲ್ಲ. ಹತ್ತುವುದೂ ಇಲ್ಲ, ಏಕೆಂದರೆ ಅದು ಡಬ್ಬಿಯ ಒಳಗಿನ ಸೆಟ್ಟಿಂಗ್ ಪುಟ ತೆರೆಯುವ ಬೀಗದ ಕೈ. ವೈಫೈಗೆ ಬೇಕಾದದ್ದು ಬೇರೆ ಸಾಲು. ಆ ಸಾಲಿಗೆ ಕಂಪನಿಗೊಂದು ಹೆಸರು: `WLAN Key`, `Wi-Fi Key`, `WPA Key`, `PSK`, `Wireless Password` ಹೀಗೆ. ಕಂಡುಹಿಡಿಯುವ ಸುಲಭ ದಾರಿ ಎಂದರೆ ಮೊದಲು `SSID` ಎಂಬ ಸಾಲನ್ನು ಹುಡುಕುವುದು. ಫೋನಿನ ವೈಫೈ ಪಟ್ಟಿಯಲ್ಲಿ ಕಾಣುವ ಹೆಸರೇ ಅದು. ಅದರ ಜೊತೆಯಲ್ಲೋ ಕೆಳಗೋ ಇರುವ, ಕನಿಷ್ಠ ಎಂಟು ಅಕ್ಷರದ ಸಾಲೇ ವೈಫೈ ಪಾಸ್‌ವರ್ಡ್. ಎಂಟಕ್ಕಿಂತ ಕಡಿಮೆ ಅಕ್ಷರವಿದ್ದರೆ ಅದು ವೈಫೈಯದಲ್ಲ ಎಂದು ಕಣ್ಣುಮುಚ್ಚಿ ಹೇಳಬಹುದು. ಈಗ ಬಳಕೆಯಲ್ಲಿರುವ ವೈಫೈ ಭದ್ರತೆ 8ರಿಂದ 63 ಅಕ್ಷರಗಳ ಪಾಸ್‌ವರ್ಡನ್ನಷ್ಟೇ ಒಪ್ಪುತ್ತದೆ. ಕೆಲವು ಚೀಟಿಗಳಲ್ಲಿ `WPS PIN` ಎಂದು ಎಂಟು ಅಂಕೆಯ ಸಾಲೂ ಇರುತ್ತದೆ, ಅದು ಪಾಸ್‌ವರ್ಡ್ ಹಾಕದೆ ಸಾಧನ ಸೇರಿಸುವ ಇನ್ನೊಂದು ದಾರಿಯದು. ಕೆಲವು ಹಳೆಯ ಮಾದರಿಗಳಲ್ಲಿ ಮಾತ್ರ ಪಿನ್ನೂ ಪಾಸ್‌ವರ್ಡೂ ಒಂದೇ. ಉಳಿದವುಗಳಲ್ಲಿ ಆ ಪಿನ್ ಇಲ್ಲಿ ಕೆಲಸಕ್ಕೆ ಬಾರದು.

ಸರಿಯಾದ ಸಾಲು ಸಿಕ್ಕಿದ ಮೇಲೂ ಫೋನು "ಪಾಸ್‌ವರ್ಡ್ ತಪ್ಪು" ಎಂದೇ ಹೇಳುತ್ತಿತ್ತು. ಯಜಮಾನರು ಸೊನ್ನೆಯ ಜಾಗಕ್ಕೆ ಇಂಗ್ಲಿಷಿನ 'ಓ' ಅಕ್ಷರ ಹಾಕುತ್ತಿದ್ದರು. ಇಂಥ ಚೀಟಿಗಳನ್ನು ಓದಲು ಒಂದು ಸೂತ್ರ ಉಪಯೋಗಕ್ಕೆ ಬರುತ್ತದೆ. ಪಾಸ್‌ವರ್ಡಿನಲ್ಲಿ ಇರುವ ಅಕ್ಷರಗಳೆಲ್ಲ `A`ಯಿಂದ `F`ವರೆಗಿನವೇ ಆಗಿದ್ದರೆ ಅದು ಬಹುಪಾಲು ಹದಿನಾರು ಚಿಹ್ನೆಗಳ ಎಣಿಕೆಯಲ್ಲಿ ಬರೆದದ್ದು. ಆ ಎಣಿಕೆಯಲ್ಲಿ `O` ಇಲ್ಲ, `I` ಇಲ್ಲ, `S` ಇಲ್ಲ. ಹಾಗೆ ಕಂಡದ್ದೆಲ್ಲ ಸೊನ್ನೆ, ಒಂದು, ಐದು. ಅನುಮಾನ ಉಳಿಯುವುದು `8` ಮತ್ತು `B`, `0` ಮತ್ತು `D` ನಡುವೆ ಮಾತ್ರ. ಫೋನಿನ ಕ್ಯಾಮೆರಾದಿಂದ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದರೆ ಅದೂ ಬಗೆಹರಿಯುತ್ತದೆ. ದೊಡ್ಡಕ್ಷರ, ಸಣ್ಣಕ್ಷರ ಚೀಟಿಯಲ್ಲಿದ್ದ ಹಾಗೆಯೇ ಬರಬೇಕು.

ಮಗಳು ಫೋನಿನಲ್ಲಿ ಇಷ್ಟು ಹೇಳಿಕೊಟ್ಟ ಮೇಲೆ ವೈಫೈ ಹತ್ತಿತು. ಆಕೆ ಇನ್ನೊಂದು ಮಾತನ್ನೂ ಹೇಳಿದಳು: "ಅಪ್ಪಾ, ಆ ಫೋಟೋ ಅಳಿಸಬೇಡ, ಇಟ್ಟುಕೋ." ಅದು ಬಹಳ ಒಳ್ಳೆಯದಾಯಿತು. ಬಹಳಷ್ಟು ಚೀಟಿಗಳು ಬಿಸಿಯಿಂದ ಕಪ್ಪಾಗುವ ಕಾಗದದಲ್ಲಿ ಅಚ್ಚಾದವು, ಬಸ್ ಟಿಕೆಟಿನ ಹಾಗೆ. ಈ ಮನೆಯಲ್ಲಿ ಡಬ್ಬಿ ಇದ್ದದ್ದು ಜಗಲಿಯಲ್ಲಿ, ಇನ್ವರ್ಟರಿನ ನೆತ್ತಿಯ ಮೇಲೆ. ಇನ್ವರ್ಟರಿನ ಕಾವು, ಡಬ್ಬಿಯದೇ ಕಾವು, ಮೇಲಿಂದ ಕಡಲಿನ ತೇವ. ದೀಪಾವಳಿಯ ಹೊತ್ತಿಗೆ ಅಕ್ಷರಗಳು ಅರ್ಧ ಮಾಸಿದ್ದವು. ಸ್ಯಾನಿಟೈಸರ್ ಹಾಕಿ ಒರೆಸಿದರೆ ಉಳಿದದ್ದೂ ಹೋಗುತ್ತದೆ, ಹಾಗೆ ಮಾಡಬಾರದು.

ಸಂಜೆಯ ನಿಧಾನ

ಮಳೆ ನಿಂತು ಅಕ್ಟೋಬರಿನಲ್ಲಿ ಜನ ಬರತೊಡಗಿದರು. ಪಾಸ್‌ವರ್ಡ್ ಕೇಳಿದವರಿಗೆ ಯಜಮಾನರು ಜಗಲಿಯ ಡಬ್ಬಿ ತೋರಿಸುತ್ತಿದ್ದರು, ಅವರು ಮಗುಚಿ ಫೋಟೋ ಹೊಡೆದುಕೊಳ್ಳುತ್ತಿದ್ದರು. ಮೂರು ನಾಲ್ಕು ವಾರದಲ್ಲಿ ಎರಡು ತೊಂದರೆ ಕಾಣಿಸಿದವು. ಸಂಜೆ ಐದರ ನಂತರ ನೆಟ್ ತೀರ ನಿಧಾನವಾಗುತ್ತಿತ್ತು. ಅಂಗಳದ ಮೂರು ಕ್ಯಾಮೆರಾಗಳಲ್ಲಿ ಒಂದಲ್ಲ ಒಂದು ಆಗಾಗ ಕಡಿದುಹೋಗುತ್ತಿತ್ತು. ವಿಚಿತ್ರವೆಂದರೆ ಕೋಣೆಗಳು ಖಾಲಿಯಿದ್ದ ದಿನವೂ ಹೀಗೇ ಆಗುತ್ತಿತ್ತು.

ಮೊದಲು ಮಾಡಿದ್ದು ಡಬ್ಬಿಯನ್ನು ಆರಿಸಿ ಹಚ್ಚಿದ್ದು. ಹತ್ತು ನಿಮಿಷ ಸರಿ, ಮತ್ತೆ ಅದೇ. ಎರಡನೆಯದಾಗಿ ಆಪರೇಟರರಿಗೆ ಹೇಳಿ ಪ್ಲ್ಯಾನನ್ನು 50 ಎಂಬಿಪಿಎಸ್‌ನಿಂದ 100ಕ್ಕೆ ಏರಿಸಿದರು. ಇದರಿಂದ ಕ್ಯಾಮೆರಾಗಳಿಗೆ ಏನೂ ಲಾಭವಾಗಲಿಲ್ಲ. ಹೆಚ್ಚು ದುಡ್ಡು ಕೊಟ್ಟು ಕೊಳವೆ ದೊಡ್ಡದು ಮಾಡಿದರೂ ಯಾರು ನೀರು ಹಿಡಿಯುತ್ತಿದ್ದಾರೆ ಎಂದು ನೋಡಿರಲಿಲ್ಲ.

ದೀಪಾವಳಿಗೆ ಬಂದ ಮಗಳು ಅದನ್ನೇ ನೋಡಿದಳು. ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ `192.168.1.1` ಎಂದು ಹಾಕಿ, ಚೀಟಿಯ ಕೊನೆಯ ಸಾಲಿನ ಹೆಸರು ಪಾಸ್‌ವರ್ಡ್ ಕೊಟ್ಟು ಒಳಗೆ ಹೋದಳು. ಸೇರಿಕೊಂಡಿರುವ ಸಾಧನಗಳ ಪಟ್ಟಿಯಲ್ಲಿ 19 ಇದ್ದವು. ಮನೆಯವು ಎಂಟು: ಅಪ್ಪ ಅಮ್ಮನ ಎರಡು ಫೋನು, ಲ್ಯಾಪ್‌ಟಾಪು, ಟಿವಿ, ಪ್ರಿಂಟರು, ಮೂರು ಕ್ಯಾಮೆರಾ. ತಂಗಿದ್ದವರು ಇಬ್ಬರು, ಫೋನು ಎರಡು. ಉಳಿದ ಒಂಬತ್ತು ಯಾರವು?

ಚೀಟಿ ಎಲ್ಲಿಂದ ಬಂದಿತ್ತು

ಹಿಂದಿನ ವಾರಗಳ ಅತಿಥಿಗಳು ಊರು ಬಿಟ್ಟು ಹೋಗಿಯಾಗಿತ್ತು. ಹತ್ತಿರದಲ್ಲಿ ಇನ್ನೊಂದು ಮನೆಯೆಂದರೆ ವಯಸ್ಸಾದವರೊಬ್ಬರದು, ಅವರ ಫೋನು ಕೀಪ್ಯಾಡಿನದು. ಆದರೆ ಮನೆಯ ಮುಂದಿನ ರಸ್ತೆಯಲ್ಲಿ ಸಂಜೆ ಹುಡುಗರ ಬೈಕುಗಳು ನಿಲ್ಲುತ್ತಿದ್ದವು. ಕೆಲಸಕ್ಕೆ ಬರುವ ಹೆಂಗಸು ಮಾತಿನ ಮಧ್ಯೆ ಹೇಳಿದ ಒಂದು ಸಂಗತಿಯಿಂದ ಗಂಟು ಬಿಚ್ಚಿಕೊಂಡಿತು. `Home_B1D0` ಎಂಬ ಹೆಸರು ಆಕೆಯ ಮಗನ ಫೋನಿನಲ್ಲಿ ಮೊದಲಿಂದಲೇ ಇತ್ತು. ಕಡಲ ಕಡೆಗೆ ಇದ್ದ, ಈಗ ಮುಚ್ಚಿರುವ ಒಂದು ಖಾನಾವಳಿಯಲ್ಲಿ ಅವನು ಒಂದು ಸೀಸನ್ ಕೆಲಸ ಮಾಡಿದ್ದ. ಅಲ್ಲಿನ ವೈಫೈಯ ಹೆಸರೂ ಅದೇ.

ಅಂದರೆ ಡಬ್ಬಿ ಅಲ್ಲಿಂದ ಬಿಚ್ಚಿ ಇಲ್ಲಿಗೆ ಬಂದಿತ್ತು. ಬಿಚ್ಚಿದವರು ರೀಸೆಟ್ ಮಾಡಿ ಹಳೆಯ ಸೆಟ್ಟಿಂಗ್ ಅಳಿಸಿರಬಹುದು, ಆದರೆ ರೀಸೆಟ್ ಆದ ಡಬ್ಬಿ ಮರಳುವುದು ಚೀಟಿಯಲ್ಲಿರುವ ಹೆಸರಿಗೆ ಮತ್ತು ಚೀಟಿಯಲ್ಲಿರುವ ಪಾಸ್‌ವರ್ಡಿಗೆ. ಖಾನಾವಳಿಯೂ ಚೀಟಿಯದನ್ನೇ ಬಳಸಿತ್ತು. ಫೋನುಗಳು ನೆನಪಿಟ್ಟುಕೊಳ್ಳುವುದು ಜಾಗವನ್ನಲ್ಲ, ವೈಫೈಯ ಹೆಸರು ಮತ್ತು ಪಾಸ್‌ವರ್ಡನ್ನು. ಆ ಜೋಡಿ ಕಂಡ ಕೂಡಲೇ ಕೇಳದೆಯೇ ಸೇರಿಕೊಳ್ಳುತ್ತವೆ. ರಸ್ತೆಯಲ್ಲಿ ನಿಂತ ಹುಡುಗರಲ್ಲಿ ಮೊದಲಿಬ್ಬರಿಗೆ ತಾವು ಸೇರಿಕೊಂಡದ್ದೇ ಗೊತ್ತಿದ್ದಿರಲಿಕ್ಕಿಲ್ಲ. ಆಮೇಲೆ ನೆಟ್ ಬರುತ್ತದೆಂದು ತಿಳಿದು ಉಳಿದವರೂ ಸೇರಿದ್ದರು. ವೈಫೈ ಸಿಕ್ಕಿದ ಕೂಡಲೇ ಫೋನುಗಳು ದಿನದ ಫೋಟೋ ವಿಡಿಯೋಗಳನ್ನು ಮೇಲಕ್ಕೆ ಕಳಿಸಲು ತೊಡಗುತ್ತವೆ. ಕ್ಯಾಮೆರಾಗಳೂ ಕಳಿಸುವುದು ಮೇಲಕ್ಕೇ. ಒಂದೇ ದಾರಿಯಲ್ಲಿ ಜಗಳ ಬಿದ್ದು ಕ್ಯಾಮೆರಾ ಸೋಲುತ್ತಿತ್ತು.

ಇಲ್ಲಿ ಎರಡನೇ ಸಂಗತಿಯೂ ಕಣ್ಣಿಗೆ ಬಿತ್ತು, ನಮ್ಮ ಅಭಿಪ್ರಾಯದಲ್ಲಿ ಇದು ಹೆಚ್ಚು ಗಂಭೀರ. ಮೇಲಿನ ಚೀಟಿಯ ಮೊದಲ ಸಾಲನ್ನೂ ಮೂರನೇ ಸಾಲನ್ನೂ ಒಟ್ಟಿಗೆ ನೋಡಿ. ಮೊದಲ ಸಾಲಿನದು ಮ್ಯಾಕ್ ವಿಳಾಸ, ಜಾಲದಲ್ಲಿ ಡಬ್ಬಿಯನ್ನು ಗುರುತಿಸುವ ಸಂಖ್ಯೆ. ವೈಫೈ ಪಾಸ್‌ವರ್ಡ್ ಎಂದರೆ ಅದರ ಕೊನೆಯ ಎಂಟು ಅಕ್ಷರಗಳು, ಅಷ್ಟೆ. ಮ್ಯಾಕ್ ವಿಳಾಸ ಗುಟ್ಟಿನದಲ್ಲ. ವೈಫೈ ಹಚ್ಚಿದ ಡಬ್ಬಿ ಅದನ್ನು ಸೆಕೆಂಡಿಗೆ ಹಲವು ಸಲ ಗಾಳಿಯಲ್ಲಿ ಸಾರುತ್ತಲೇ ಇರುತ್ತದೆ, ಫೋನಿನ ಒಂದು ಪುಕ್ಕಟೆ ಆ್ಯಪ್ ಅದನ್ನು ತೋರಿಸುತ್ತದೆ. ಕೆಲವೊಮ್ಮೆ ಗಾಳಿಯಲ್ಲಿ ಬರುವ ವಿಳಾಸದ ಕೊನೆಯ ಅಂಕೆ ಚೀಟಿಯದಕ್ಕಿಂತ ಒಂದೆರಡು ಹೆಚ್ಚೋ ಕಡಿಮೆಯೋ ಇರುತ್ತದೆ, ಐದಾರು ಸಲ ಪ್ರಯತ್ನಿಸಿದರೆ ಮುಗಿಯಿತು. ಇಂಥ ಡಬ್ಬಿಗೆ ಚೀಟಿ ನೋಡುವ ಅಗತ್ಯವೇ ಇಲ್ಲ, ಬಾಗಿಲ ಮೇಲೆಯೇ ಬೀಗದ ಕೈ ತೂಗುಹಾಕಿದ ಹಾಗೆ. ಎಲ್ಲ ಡಬ್ಬಿಗಳೂ ಹೀಗಿರುವುದಿಲ್ಲ. ಆದ್ದರಿಂದ ಚೀಟಿ ಕೈಗೆ ಬಂದಾಗ ಮ್ಯಾಕ್ ಸಾಲನ್ನು ಪಾಸ್‌ವರ್ಡ್ ಸಾಲಿನ ಜೊತೆ ಹೋಲಿಸಿ ನೋಡಬೇಕು. ಬರೀ ಎಂಟು ಅಂಕೆಗಳ ಪಾಸ್‌ವರ್ಡೂ ಸಾಲದು. ಒಟ್ಟು ಸಾಧ್ಯತೆಗಳು 10 ಕೋಟಿ. ಯಾರಾದರೂ ಫೋನು ವೈಫೈಗೆ ಸೇರುವ ಕ್ಷಣದ ಸಂದೇಶಗಳನ್ನು ಹಿಡಿದಿಟ್ಟುಕೊಂಡರೆ, ಸೆಕೆಂಡಿಗೆ 10 ಲಕ್ಷ ಪ್ರಯತ್ನ ಮಾಡಬಲ್ಲ ಒಳ್ಳೆಯ ಗೇಮಿಂಗ್ ಕಾರ್ಡ್ ಅಷ್ಟನ್ನೂ ಎರಡು ನಿಮಿಷದೊಳಗೆ ನೋಡಿ ಮುಗಿಸುತ್ತದೆ.

ರೀಸೆಟ್ ಒತ್ತಿದ ದಿನ

ಈ ಡಬ್ಬಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗಗಳಲ್ಲಿ ವೈಫೈ ಕೊಡುವಂಥದ್ದು. ಕಾರಣ ತಿಳಿದ ಮೇಲೆ ಮಗಳು 2.4 ಗಿಗಾಹರ್ಟ್ಸ್ ವೈಫೈಯ ಪಾಸ್‌ವರ್ಡ್ ಬದಲಿಸಿ, ರಜೆ ಮುಗಿದದ್ದರಿಂದ ಹುಬ್ಬಳ್ಳಿಗೆ ಹೊರಟಳು. 5 ಗಿಗಾಹರ್ಟ್ಸ್‌ನದು ಬೇರೆ ಪುಟದಲ್ಲಿತ್ತು, ಅದು ಹಳೆಯದೇ ಉಳಿಯಿತು. ಕ್ಯಾಮೆರಾಗಳು 2.4ರಲ್ಲಿ ಮಾತ್ರ ನಡೆಯುವಂಥವು, ಹೊಸ ಪಾಸ್‌ವರ್ಡ್ ಅವುಗಳಿಗೆ ಗೊತ್ತಿಲ್ಲ, ಮೂರೂ ನಿಂತವು. ರಸ್ತೆಯ ಫೋನುಗಳು ಮಾತ್ರ 5ಕ್ಕೆ ಜಿಗಿದು ಹಾಯಾಗಿದ್ದವು.

ಕ್ಯಾಮೆರಾ ನಿಂತದ್ದು ಕಂಡು ಯಜಮಾನರು ಗಾಬರಿಯಾದರು. ಹಳೆಯ ಪಾಸ್‌ವರ್ಡೇ ವಾಪಸು ಬರಲಿ ಎಂದು ಡಬ್ಬಿಯ ಹಿಂದಿನ ಸಣ್ಣ ತೂತಿಗೆ ಪಿನ್ನು ಹಾಕಿ ಹತ್ತು ಸೆಕೆಂಡು ಒತ್ತಿ ಹಿಡಿದರು. ಹಳೆಯ ಪಾಸ್‌ವರ್ಡ್ ಬಂತು, ಇಂಟರ್‌ನೆಟ್ ಹೋಯಿತು.

ಈ ತಪ್ಪು ಬಹಳ ಮನೆಗಳಲ್ಲಿ ಆಗುವುದರಿಂದ ಬಿಡಿಸಿ ಹೇಳಬೇಕು. ಫೈಬರ್ ಡಬ್ಬಿಯ ಒಳಗೆ ವೈಫೈಯ ಸೆಟ್ಟಿಂಗ್ ಒಂದು, ಆಪರೇಟರರ ಜಾಲಕ್ಕೆ ಲಾಗಿನ್ ಆಗುವ ಸೆಟ್ಟಿಂಗ್ ಇನ್ನೊಂದು. ಎರಡನೆಯದರಲ್ಲಿ ಮನೆಗೆಂದೇ ಕೊಟ್ಟ ಯೂಸರ್ ಹೆಸರು, ಪಾಸ್‌ವರ್ಡ್ ಮತ್ತು ಒಂದು `VLAN` ಸಂಖ್ಯೆ ಇರುತ್ತವೆ. ಇವು ಚೀಟಿಯಲ್ಲಿ ಇರುವುದಿಲ್ಲ, ಲೈನ್‌ಮನ್ ಕೈಯಲ್ಲಿ ತುಂಬಿದವು. ರೀಸೆಟ್ ಎರಡನ್ನೂ ಅಳಿಸುತ್ತದೆ. ಕೆಲವು ಕಂಪನಿಗಳ ಡಬ್ಬಿ ರೀಸೆಟ್ ಆದ ಮೇಲೆ ತಾನೇ ದೂರದಿಂದ ಸೆಟ್ಟಿಂಗ್ ತರಿಸಿಕೊಳ್ಳುತ್ತದೆ, ಈ ಡಬ್ಬಿಗೆ ಆ ಅನುಕೂಲ ಇರಲಿಲ್ಲ. ಗುರುತು ಹೀಗೆ: `PON` ದೀಪ ಅಲುಗದೆ ಹಸಿರು, `LOS` ದೀಪ ಆರಿದೆ, ವೈಫೈ ಸಿಗುತ್ತಿದೆ, ಆದರೆ `Internet` ದೀಪ ಇಲ್ಲ. ಲೈನು ಸರಿಯಿದೆ, ಲಾಗಿನ್ ಹೋಗಿದೆ ಎಂದರ್ಥ. `LOS` ಕೆಂಪಾಗಿ ಮಿಣುಕಿದರೆ ಮಾತ್ರ ಫೈಬರ್ ಎಲ್ಲೋ ತುಂಡಾಗಿರಬಹುದು.

ಲೈನ್‌ಮನ್ ಬರಲು ಮೂರು ದಿನ ಹಿಡಿಯಿತು. ಅಷ್ಟರಲ್ಲಿ ಕೋಣೆ ಕಾಯ್ದಿರಿಸಿದ್ದ ಒಂದು ಕುಟುಂಬ, ಅಲ್ಲಿಂದಲೇ ಕಚೇರಿ ಕೆಲಸ ಮಾಡಬೇಕಿದ್ದವರು, ಒಂದೇ ರಾತ್ರಿ ಉಳಿದು ಹೋದರು. ಪಾಸ್‌ವರ್ಡ್ ಮರೆತದ್ದಕ್ಕೆ ರೀಸೆಟ್ ಒತ್ತುವುದು ಕಟ್ಟಕಡೆಯ ದಾರಿ. ಅದಕ್ಕೆ ಮುಂಚೆ, ಈಗಾಗಲೇ ವೈಫೈಗೆ ಸೇರಿರುವ ಯಾವುದಾದರೂ ಸಾಧನದಿಂದ ಪಾಸ್‌ವರ್ಡನ್ನು ತೆಗೆಯಬಹುದು. ಆಂಡ್ರಾಯ್ಡ್ 10 ಮತ್ತು ನಂತರದ ಫೋನಿನಲ್ಲಿ ವೈಫೈ ಹೆಸರನ್ನು ಒತ್ತಿ ಹಂಚಿಕೊಳ್ಳುವ ಗುಂಡಿ ಮುಟ್ಟಿದರೆ ಕ್ಯೂಆರ್ ಚಿತ್ರ ಬರುತ್ತದೆ, ಬಹಳಷ್ಟು ಫೋನುಗಳಲ್ಲಿ ಅದರ ಕೆಳಗೆ ಪಾಸ್‌ವರ್ಡೂ ಕಾಣುತ್ತದೆ. ವಿಂಡೋಸ್ ಲ್ಯಾಪ್‌ಟಾಪಿನ ಕಮಾಂಡ್ ಪ್ರಾಂಪ್ಟಿನಲ್ಲಿ ಈ ಸಾಲು ಸಾಕು, ಉತ್ತರದಲ್ಲಿ `Key Content` ಎಂಬ ಕಡೆ ನೋಡಬೇಕು:

```
netsh wlan show profile name="Home_B1D0" key=clear
```

ಕೊನೆಗೆ ಮಾಡಿದ್ದು

ಲೈನ್‌ಮನ್ ಲಾಗಿನ್ ತುಂಬಿ ಕೊಟ್ಟಾಗ ಯಜಮಾನರು ಯೂಸರ್ ಹೆಸರು, ಪಾಸ್‌ವರ್ಡ್, `VLAN` ಸಂಖ್ಯೆ ಮೂರನ್ನೂ ಕೇಳಿ ಒಂದು ಕಾರ್ಡಿನಲ್ಲಿ ಬರೆದುಕೊಂಡರು. ಮುಂದಿನ ಭಾನುವಾರ ಮಗಳು ಬಂದಳು. ಈ ಸಲ ಲ್ಯಾಪ್‌ಟಾಪನ್ನು ವೈಫೈಯಿಂದಲ್ಲ, ಲ್ಯಾನ್ ಕೇಬಲಿನಿಂದ ಡಬ್ಬಿಗೆ ಜೋಡಿಸಿದಳು. ವೈಫೈಯಲ್ಲಿ ಕೂತು ವೈಫೈ ಪಾಸ್‌ವರ್ಡ್ ಬದಲಿಸಿದರೆ ಉಳಿಸಿದ ಕ್ಷಣದಲ್ಲೇ ಸಂಪರ್ಕ ಕಡಿದು, ಇನ್ನೊಂದು ಪುಟ ಬಾಕಿ ಉಳಿಯುತ್ತದೆ. ಹಿಂದಿನ ಸಲ ಆದದ್ದೂ ಅದೇ.

2.4 ಮತ್ತು 5 ಎರಡೂ ಪುಟಗಳಲ್ಲಿ ಪಾಸ್‌ವರ್ಡಿನ ಜೊತೆಗೆ ವೈಫೈಯ ಹೆಸರನ್ನೂ ಬದಲಿಸಿದಳು. ಹೆಸರು ಹಾಗೇ ಬಿಟ್ಟರೆ ರಸ್ತೆಯ ಫೋನುಗಳು ಹಳೆಯ ಪಾಸ್‌ವರ್ಡ್ ಹಿಡಿದು ಮತ್ತೆ ಮತ್ತೆ ಬಾಗಿಲು ತಟ್ಟುತ್ತಲೇ ಇರುತ್ತವೆ. ಭದ್ರತೆಯನ್ನು `WPA2-PSK` `AES` ಎಂದು ಇಟ್ಟಳು. ಡಬ್ಬಿಯಲ್ಲಿ `WPA3` ಕೂಡ ಇತ್ತು, ಆದರೆ ಕ್ಯಾಮೆರಾಗಳು ಹಳೆಯವು, ಅವು ಅದನ್ನು ಒಪ್ಪುವುದಿಲ್ಲ. `WPS` ಬಂದ್ ಮಾಡಿದಳು. ಅದರ ಪಿನ್ನನ್ನು ಎರಡು ತುಂಡಾಗಿ ಪರೀಕ್ಷಿಸುವ ಕ್ರಮದಿಂದಾಗಿ ಹೆಚ್ಚೆಂದರೆ 11,000 ಪ್ರಯತ್ನದಲ್ಲಿ ಒಡೆಯಬಹುದೆಂದು 2011ರಲ್ಲೇ ಬಯಲಾಗಿದೆ. ಸೆಟ್ಟಿಂಗ್ ಪುಟದ `admin` ಪಾಸ್‌ವರ್ಡೂ ಬದಲಾಯಿತು. ಚೀಟಿ ನೋಡಿದವರೆಲ್ಲ ಅದನ್ನೂ ನೋಡಿರುತ್ತಾರಲ್ಲ.

ಹೊಸ ಪಾಸ್‌ವರ್ಡಿಗೆ ಒಂದಕ್ಕೊಂದು ಸಂಬಂಧವಿಲ್ಲದ ಮೂರು ಕನ್ನಡ ಪದಗಳನ್ನು ಇಂಗ್ಲಿಷ್ ಸಣ್ಣಕ್ಷರದಲ್ಲಿ ಬರೆದು ಮಧ್ಯೆ ಎರಡು ಅಂಕೆ ಸೇರಿಸಿದರು. ಒಟ್ಟು 21 ಅಕ್ಷರ. ಫೋನಿನಲ್ಲಿ ಹೇಳಿ ಬರೆಸಲು ಸುಲಭ, ಸೊನ್ನೆ 'ಓ' ಗಲಿಬಿಲಿಯಿಲ್ಲ. ಕನ್ನಡ ಲಿಪಿಯಲ್ಲೇ ಹಾಕುವಂತಿಲ್ಲ, ಡಬ್ಬಿ ತೆಗೆದುಕೊಳ್ಳುವುದಿಲ್ಲ. ಮೊಬೈಲ್ ನಂಬರನ್ನೂ ಹೋಮ್‌ಸ್ಟೇಯ ಹೆಸರನ್ನೂ ಹಾಕಲಿಲ್ಲ, ಎರಡೂ ಗೇಟಿನ ಬೋರ್ಡಿನಲ್ಲಿವೆ. ಆಮೇಲೆ ಕ್ಯಾಮೆರಾ, ಟಿವಿ, ಪ್ರಿಂಟರು ಒಂದೊಂದನ್ನೇ ಹೊಸ ಹೆಸರಿಗೆ ಸೇರಿಸಿದರು. ಕ್ಯಾಮೆರಾಗಳಿಗೆ ಏಣಿ ಹಾಕಬೇಕಾಯಿತು, ಎಲ್ಲ ಸೇರಿ ಒಂದೂವರೆ ಗಂಟೆ.

ಅತಿಥಿಗಳಿಗೆ ಬೇರೆಯೇ ವೈಫೈ ತೆರೆದರು, ಡಬ್ಬಿಯಲ್ಲಿ `SSID2` ಎಂದು ಜಾಗವಿತ್ತು. ಹೆಸರು ಬೇರೆಯಾದ ಮಾತ್ರಕ್ಕೆ ಒಳಗಿನ ದಾರಿ ಬೇರೆಯಾಯಿತೆಂದು ತಿಳಿಯಬಾರದು. ಪರೀಕ್ಷೆ ಸುಲಭ: ಫೋನನ್ನು ಅತಿಥಿ ವೈಫೈಗೆ ಸೇರಿಸಿ ಬ್ರೌಸರಿನಲ್ಲಿ `192.168.1.1` ಹಾಕಬೇಕು. ಇಲ್ಲಿ ಲಾಗಿನ್ ಪುಟ ತೆರೆದುಕೊಂಡಿತು. ಪ್ರತ್ಯೇಕಿಸುವ ಆಯ್ಕೆಗೆ ಗುರುತು ಹಾಕಿ ಉಳಿಸಿದ ಮೇಲೆ ನಿಂತಿತು. ಅತಿಥಿ ಪಾಸ್‌ವರ್ಡ್ ಮಾತ್ರ ಕೋಣೆಗಳ ಕಾರ್ಡಿನಲ್ಲಿದೆ.

ಯಜಮಾನರು ಚೀಟಿಯನ್ನೇ ಕೆರೆದು ಹಾಕಲು ಹೊರಟಿದ್ದರು. ಮಗಳು ತಡೆದಳು. ಆಪರೇಟರರ ಕಡೆ ಈ ಮನೆಯ ಡಬ್ಬಿಯನ್ನು ಗುರುತಿಸುವುದು ಚೀಟಿಯ ಮೇಲಿನ ಸೀರಿಯಲ್ ಸಂಖ್ಯೆಯಿಂದ. ದೂರು ಕೊಡುವಾಗ ಅದು ಬೇಕು. ಒಂದು ದಪ್ಪ ಕಾಗದವನ್ನು ಒಂದು ಅಂಚಿಗೆ ಮಾತ್ರ ಟೇಪು ಹಚ್ಚಿ ಮುಚ್ಚಳದ ಹಾಗೆ ಮುಚ್ಚಿದರು, ಡಬ್ಬಿಯನ್ನು ಜಗಲಿಯಿಂದ ಒಳಕೋಣೆಯ ಎತ್ತರದ ಹಲಗೆಗೆ ಏರಿಸಿದರು.

ಯಾವಾಗ ಬದಲಿಸಬೇಕು

ಸೋಮವಾರ ಸಂಜೆ ಪಟ್ಟಿಯಲ್ಲಿ ಮನೆಯ ಎಂಟೇ ಇದ್ದವು. ಪ್ಲ್ಯಾನನ್ನು ಮುಂದಿನ ತಿಂಗಳು 50ಕ್ಕೆ ಇಳಿಸಿದರು, ಕ್ಯಾಮೆರಾಗಳು ಕಡಿಯಲಿಲ್ಲ. ಮೊದಮೊದಲು ಯಜಮಾನರು ಪ್ರತಿ ತಿಂಗಳೂ ಮನೆಯ ಪಾಸ್‌ವರ್ಡ್ ಬದಲಿಸುತ್ತೇನೆ ಎಂದಿದ್ದರು. ಅದು ಬೇಡ. ಪ್ರತಿ ಸಲ ಏಣಿ ಹಾಕಿ ಮೂರು ಕ್ಯಾಮೆರಾ ಸೇರಿಸುವವರು ಎರಡನೇ ತಿಂಗಳಿಗೇ ಸೋತು `12345678` ಹಾಕಿಬಿಡುತ್ತಾರೆ. ಉದ್ದದ, ಊಹಿಸಲಾಗದ ಪಾಸ್‌ವರ್ಡ್ ಮನೆಯವರ ಬಾಯಲ್ಲೇ ಇರುವ ತನಕ ವರ್ಷಗಟ್ಟಲೆ ಇದ್ದರೂ ಕೆಡುವುದಿಲ್ಲ. ಚೀಟಿಯದೇ ಪಾಸ್‌ವರ್ಡ್ ಕೂಡ, ಡಬ್ಬಿ ಹೊಸದಾಗಿದ್ದು, ಒಳಮನೆಯಲ್ಲಿದ್ದು, ಮ್ಯಾಕ್ ವಿಳಾಸಕ್ಕೆ ಸಂಬಂಧವಿಲ್ಲದೆ ಹನ್ನೆರಡು ಅಕ್ಷರಕ್ಕಿಂತ ಉದ್ದವಿದ್ದರೆ, ಅವಸರದಲ್ಲಿ ಬದಲಿಸಬೇಕಾಗಿಲ್ಲ. ಈ ಮನೆಯ ಡಬ್ಬಿ ಇದರಲ್ಲಿ ಒಂದಕ್ಕೂ ನಿಲ್ಲುತ್ತಿರಲಿಲ್ಲ. ಕೂರಿಸಿದ ದಿನವೇ ಬದಲಿಸಬೇಕಿತ್ತು. ಇನ್ನು ಮುಂದೆ ಮನೆಯ ಪಾಸ್‌ವರ್ಡ್ ತಿಳಿದವರು ಕೆಲಸ ಬಿಟ್ಟಾಗ, ಪಟ್ಟಿಯಲ್ಲಿ ಗುರುತಿಲ್ಲದ ಸಾಧನ ಕಂಡಾಗ ಬದಲಿಸುತ್ತಾರೆ. ಅತಿಥಿಗಳದ್ದು ಅಕ್ಟೋಬರಿನಲ್ಲಿ, ಸೀಸನ್ ಆರಂಭಕ್ಕೆ ಒಂದು ಸಲ. ಅದರಲ್ಲಿ ಕ್ಯಾಮೆರಾ ಇಲ್ಲವಾದ್ದರಿಂದ ಎರಡು ನಿಮಿಷದ ಕೆಲಸ.

ಇನ್ನೊಂದು ಸಂದರ್ಭ ಮುಂದಿನ ಜುಲೈಯಲ್ಲಿ ಎದುರಾಯಿತು. ಮರ ಬಿದ್ದು ಲೈನು ಹೋಗಿ, ಸರಿಪಡಿಸಲು ಬಂದ ಬೇರೊಬ್ಬ ಲೈನ್‌ಮನ್ ಡಬ್ಬಿಯನ್ನು ರೀಸೆಟ್ ಮಾಡಿ, ಇಂಟರ್‌ನೆಟ್ ಬಂತೆಂದು ತೋರಿಸಿ ಹೊರಟ. ಯಜಮಾನರು ಫೋನಿನ ಪಟ್ಟಿ ನೋಡಿದರು. ಅಲ್ಲಿ `Home_B1D0` ಮತ್ತೆ ಬಂದು ಕೂತಿತ್ತು. "ತಮ್ಮಾ, ಒಂದು ನಿಮಿಷ ನಿಲ್ಲು," ಎಂದು ಅವನನ್ನು ಗೇಟಿನಿಂದ ಕರೆದು, ಕಾರ್ಡು ತಂದು, ಅವನ ಲ್ಯಾಪ್‌ಟಾಪಿನಲ್ಲೇ ಎರಡೂ ಪುಟಗಳಿಗೆ ಹಿಂದಿನ ಹೆಸರು ಪಾಸ್‌ವರ್ಡ್ ಹಾಕಿಸಿದರು. ಹೆಸರೂ ಪಾಸ್‌ವರ್ಡೂ ಮೊದಲಿನವೇ ಆದ್ದರಿಂದ ಕ್ಯಾಮೆರಾಗಳು ತಾವಾಗಿ ಸೇರಿಕೊಂಡವು. ಈ ಸಲ ಏಣಿ ಬೇಕಾಗಲಿಲ್ಲ.